ಒಂದು ಮನವಿ ಪತ್ರ, ಎರಡು ಬಗೆಯ ಮೌಲ್ಯಮಾಪನ

ನನ್ನ ತರಗತಿಗೆ ಬರುವ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಎಫ್‌ಎ ಎಂದರೆ ಸಣ್ಣ ಪರೀಕ್ಷೆ, ಎಸ್‌ಎ ಎಂದರೆ ದೊಡ್ಡ ಪರೀಕ್ಷೆ ಎಂದು ತಿಳಿದಿರುತ್ತಾರೆ. ಆದ್ದರಿಂದ ಎಫ್‌ಎ ಎಂಬ ರೂಪಣಾತ್ಮಕ ಮತ್ತು ಎಸ್‌ಎ ಎಂಬ ಸಂಕಲನಾತ್ಮಕ ಮೌಲ್ಯಮಾಪನಗಳ ವ್ಯಾಖ್ಯೆಯನ್ನು ಬದಿಗಿಟ್ಟು, ಏಳನೆಯ ತರಗತಿಯ ಮಗುವೊಂದು ಗ್ರಾಮ ಪಂಚಾಯಿತಿಗೆ ಬರೆದ ಮನವಿ ಪತ್ರದ ಪ್ರತಿಯನ್ನು ಎಲ್ಲರಿಗೂ ಹಂಚಿ, ಹತ್ತಕ್ಕೆ ಅಂಕ ಕೊಡಿ ಎನ್ನುತ್ತೇನೆ. ಪತ್ರದ ಒಡಲಿನಲ್ಲಿರುವುದು ಇಷ್ಟೇ: “ನಮ್ಮ ಬೀದಿಯ ದೀಪ ಉರಿಯುತ್ತಿಲ್ಲ. ರಾತ್ರಿ ಓಡಾಡಲು ಭಯವಾಗುತ್ತದೆ. ದಯವಿಟ್ಟು ಸರಿ ಮಾಡಿಸಿ.”

ಒಬ್ಬರು ನಾಲ್ಕು ಕೊಟ್ಟರೆ ಇನ್ನೊಬ್ಬರು ಎಂಟು ಕೊಡುತ್ತಾರೆ. ಕಾರಣ ಕೇಳಿದಾಗ ಒಬ್ಬರು ಕಾಗುಣಿತವನ್ನೂ ಇನ್ನೊಬ್ಬರು ದಿನಾಂಕವಿಲ್ಲದಿರುವುದನ್ನೂ ಮತ್ತೊಬ್ಬರು ದುಂಡಾದ ಅಕ್ಷರವನ್ನೂ ಹೇಳುತ್ತಾರೆ. ಈ ಕಾರಣಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪಾಠದ ಕಲಿಕಾ ಫಲಕ್ಕೆ ಸಂಬಂಧಿಸದ್ದನ್ನು ಒಟ್ಟಿಗೆ ಅಳಿಸುತ್ತೇವೆ. ಅಕ್ಷರದ ಅಂದ ಆಗಲೇ ಹೋಗುತ್ತದೆ. ವಿಷಯಕ್ಕೆ ನಾಲ್ಕು, ಪತ್ರದ ಅಂಗಗಳಿಗೆ ಮೂರು, ಭಾಷೆಗೆ ಮೂರು ಅಂಕ ಎಂಬ ಮಾನದಂಡಗಳು ಉಳಿಯುತ್ತವೆ.

ಮಾನದಂಡಗಳನ್ನೂ ಅವುಗಳ ಅಂಕದ ಹಂತಗಳನ್ನೂ ತೋರಿಸುವ ಕೋಷ್ಟಕವೇ ರೂಬ್ರಿಕ್. ಅದರ ನಿಜವಾದ ಕೆಲಸ ಆರಂಭವಾಗುವುದು ಪ್ರತಿ ಹಂತಕ್ಕೂ ವಿವರಣೆ ಬರೆಯುವಾಗ. “ಉತ್ತಮ”, “ಸಾಧಾರಣ” ಎಂಬ ಪದಗಳನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅವು ಮೌಲ್ಯಮಾಪಕರ ಅಭಿಪ್ರಾಯವನ್ನು ಹೇಳುತ್ತವೆಯೇ ಹೊರತು ಪತ್ರದಲ್ಲಿ ಏನಿದೆ ಎಂಬುದನ್ನಲ್ಲ. ವಿಷಯದ ಸಾಲಿಗೆ ಮೊದಲು ಎರಡು ತುದಿಗಳನ್ನು ಬರೆಸುತ್ತೇನೆ: ಪಂಚಾಯಿತಿಯವರು ಮತ್ತೇನನ್ನೂ ಕೇಳದೆ ಕೆಲಸ ಕೈಗೊಳ್ಳಬಹುದಾದಷ್ಟು ವಿವರವಿದ್ದರೆ ನಾಲ್ಕು, ಸಮಸ್ಯೆಯೇ ತಿಳಿಯದಿದ್ದರೆ ಸೊನ್ನೆ. ಬಳಿಕ ನಡುವಿನ ಹಂತ: ಸಮಸ್ಯೆ ತಿಳಿಯುತ್ತದೆ, ಆದರೆ ಸ್ಥಳವನ್ನೋ ಕೋರಿಕೆಯನ್ನೋ ಕೇಳಿ ತಿಳಿಯಬೇಕಾಗುತ್ತದೆ ಎಂದಾದರೆ ಎರಡು. ನಮ್ಮ ಪತ್ರದಲ್ಲಿ ಯಾವ ಬೀದಿ, ಯಾವ ಕಂಬ ಎಂಬುದಿಲ್ಲ. ಹಾಗಾಗಿ ಎರಡು ಅಂಕ.

ನಂತರ ಇಬ್ಬಿಬ್ಬರು ಬೇರೆ ಬೇರೆಯಾಗಿ ಕುಳಿತು ಇನ್ನೂ ಕೆಲವು ಪತ್ರಗಳಿಗೆ ಇದೇ ರೂಬ್ರಿಕ್‌ನಿಂದ ಅಂಕ ಕೊಡುತ್ತಾರೆ. ಯಾವ ಸಾಲಿನಲ್ಲಿ ಮತ್ತೆ ಮತ್ತೆ ಅಂಕ ಬೇರೆಯಾಗುತ್ತದೆಯೋ ಆ ಸಾಲಿನ ವಿವರಣೆಯನ್ನು ತಿದ್ದಬೇಕು. ಒಂದೇ ತಪ್ಪಿಗೆ ಎರಡು ಕಡೆ ಅಂಕ ಕಳೆಯುವ ದೋಷವೂ ಇಲ್ಲಿಯೇ ಸಿಕ್ಕಿಬೀಳುತ್ತದೆ. ವಿಳಾಸದಲ್ಲಿನ ಕಾಗುಣಿತ ದೋಷಕ್ಕೆ ಅಂಗಗಳ ಸಾಲಿನಲ್ಲಿಯೂ ಭಾಷೆಯ ಸಾಲಿನಲ್ಲಿಯೂ ಅಂಕ ಕಳೆದಿರುವುದನ್ನು ಆಗಾಗ ಕಾಣುತ್ತೇನೆ.

ಎರಡು ಮೌಲ್ಯಮಾಪನಗಳ ವ್ಯತ್ಯಾಸವನ್ನು ನಾನು ವಿವರಿಸುವುದು ಇದಾದ ಮೇಲೆಯೇ. ಅರ್ಧವಾರ್ಷಿಕದ ಕೊನೆಗೆ ಇದೇ ರೂಬ್ರಿಕ್‌ನಿಂದ ಅಂಕ ಕೂಡಿಸಿ ದಾಖಲಿಸಿದರೆ ಅದು ಸಂಕಲನಾತ್ಮಕ. ಪಾಠದ ನಡುವೆ ಅಂಕವನ್ನೇ ಬರೆಯದೆ, “ದೀಪ ಸರಿಪಡಿಸಲು ಬರುವವರಿಗೆ ಕಂಬ ಹೇಗೆ ಸಿಗಬೇಕು?” ಎಂದು ಅಂಚಿನಲ್ಲಿ ಬರೆದು, ಮಗುವಿಗೆ ಅದೇ ಪತ್ರವನ್ನು ಮತ್ತೆ ಬರೆಯಲು ಅವಧಿಯಲ್ಲಿಯೇ ಸಮಯ ಕೊಟ್ಟರೆ ಅದು ರೂಪಣಾತ್ಮಕ. ಹೆಚ್ಚಿನ ಮಕ್ಕಳು ಇದೇ ವಿವರವನ್ನು ಬಿಟ್ಟಿದ್ದರೆ ಮರುದಿನದ ಪಾಠವೂ ಬದಲಾಗಬೇಕು. ಅಂಕಪಟ್ಟಿಯಲ್ಲಿ ಎಫ್‌ಎ ಎಂದು ನಮೂದಾಗಿದ್ದರೂ, ಮಗುವಿಗಾಗಲಿ ಶಿಕ್ಷಕರಿಗಾಗಲಿ ಮುಂದೇನು ಮಾಡಬೇಕೆಂಬುದು ತಿಳಿಯದಿದ್ದರೆ ಅದನ್ನು ರೂಪಣಾತ್ಮಕವೆಂದು ನಾನು ಪರಿಗಣಿಸುವುದಿಲ್ಲ.