ಮಧ್ಯಾಹ್ನದ ಹೊಟ್ಟೆ ಉಬ್ಬರಕ್ಕೆ ಬೆಳಗಿನ ತಿಂಡಿ ಕಾರಣ: ನನ್ನ ಅನುಭವ

ಊಟ ಮುಗಿಸಿ ಅರ್ಧ ಗಂಟೆಯಾಗುವುದರೊಳಗೆ ನನ್ನ ಹೊಟ್ಟೆ ಬಿಗಿದುಕೊಳ್ಳುತ್ತಿತ್ತು. ಸಂಜೆವರೆಗೂ ಗ್ಯಾಸ್, ಗುಡುಗುಡು. ಹುಳಿಗೆ ತೊಗರಿಬೇಳೆ ಹಾಕಬೇಡ ಎಂದು ಎಲ್ಲರೂ ಹೇಳಿದರು. ತಿಂಗಳುಗಟ್ಟಲೆ ಬರೀ ತಿಳಿಸಾರು ಉಂಡೆ, ಉಬ್ಬರ ಹಾಗೆಯೇ ಇತ್ತು. ಕೊನೆಗೆ ಊಟ ಮುಟ್ಟದೆ ತಿಂಡಿ ಬದಲಿಸುತ್ತೇನೆ ಅಂದಾಗ ಅತ್ತೆ, "ಮಧ್ಯಾಹ್ನ ಉಬ್ಬೋದಕ್ಕೂ ಬೆಳಗ್ಗೆ ತಿಂದಿದ್ದಕ್ಕೂ ಏನಮ್ಮಾ ಸಂಬಂಧ?" ಎಂದರು. ಸಂಬಂಧ ಇತ್ತು. ಈಗ ಒಂದು ವರ್ಷದ ಮೇಲಾಯಿತು, ನನ್ನ ಹೊಟ್ಟೆ ಹಗುರವಾಗಿದೆ.

ಮೊದಲು ದುಡ್ಡು ಹೋದ ಕಥೆ. ಅಂಗಡಿಯಿಂದ ತಂದ ಗ್ಯಾಸ್ ಮಾತ್ರೆ, ಡಬ್ಬಿಗಟ್ಟಲೆ ಚೂರ್ಣ, ಒಂದು ಸ್ಕ್ಯಾನ್, ರಕ್ತಪರೀಕ್ಷೆ, ಎಲ್ಲ ಸೇರಿ ಏಳೆಂಟು ಸಾವಿರ ಆಗಿರಬೇಕು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ, ಆ ದುಡ್ಡಿಗೆ ಸಮಾಧಾನವಾದರೂ ಸಿಕ್ಕಿತು. ಮಾತ್ರೆಯದು ಬೇರೆ ವಿಷಯ. ನಾವು ಗ್ಯಾಸ್ ಮಾತ್ರೆ ಅನ್ನುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಸಿಡ್ ಕಡಿಮೆ ಮಾಡುತ್ತವೆ. ಎದೆಯುರಿಗೆ ಅವು ಸರಿ. ದೊಡ್ಡ ಕರುಳಿನಲ್ಲಿ ಹುಟ್ಟುವ ವಾಯುವನ್ನು ಅವು ತಡೆಯುವುದಿಲ್ಲ.

ದಾರಿ ಸಿಕ್ಕಿದ್ದು ಗಡಿಯಾರದಿಂದ. ಈರುಳ್ಳಿ, ಗೋಧಿ, ಕಾಳುಗಳಲ್ಲಿ ನಮ್ಮ ಸಣ್ಣ ಕರುಳು ಅರಗಿಸಲಾರದ ಕೆಲವು ಸಕ್ಕರೆಗಳಿವೆ. ಅವು ದೊಡ್ಡ ಕರುಳು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುಳಿಯಿಸಿ ವಾಯು ಮಾಡುವುದಕ್ಕೆ ಕೆಲವು ಗಂಟೆಗಳೇ ಬೇಕು. ಎಂಟೂವರೆಗೆ ತಿಂದದ್ದು ಅಲ್ಲಿ ಕೆಲಸ ಶುರು ಮಾಡುವುದು ಮಧ್ಯಾಹ್ನಕ್ಕೆ. ಅದೇ ಹೊತ್ತಿಗೆ ಊಟ ಒಳಗೆ ಹೋದರೆ ಕರುಳೆಲ್ಲ ಒಮ್ಮೆಲೇ ಚುರುಕಾಗುತ್ತದೆ, ಬೈಗುಳ ಊಟಕ್ಕೆ ಬೀಳುತ್ತದೆ. ನನ್ನ ತಿಂಡಿ ಏನಿತ್ತು? ವಾರಕ್ಕೆ ನಾಲ್ಕು ದಿನವಾದರೂ ಈರುಳ್ಳಿ ಹೆಚ್ಚಿ ಹಾಕಿದ ರವೆ ಉಪ್ಪಿಟ್ಟು, ಜೊತೆಗೆ ದೊಡ್ಡ ಲೋಟದ ತುಂಬ ಗಟ್ಟಿ ಹಾಲಿನ ಕಾಫಿ. ಗೋಧಿ, ಈರುಳ್ಳಿ, ಜೊತೆಗೆ ಕೆಲವರಿಗೆ ಸರಿಯಾಗಿ ಅರಗದ ಹಾಲು, ಮೂರೂ ಒಂದೇ ಹೊತ್ತಿಗೆ.

ಎರಡು ವಾರದಷ್ಟು ಕಾಲ ತಿಂಡಿಗೆ ಇಡ್ಲಿ, ಅಕ್ಕಿರೊಟ್ಟಿ, ಅಕ್ಕಿತರಿ ಉಪ್ಪಿಟ್ಟು ಮಾತ್ರ. ಎಲ್ಲವೂ ಈರುಳ್ಳಿ ಇಲ್ಲದ್ದು. ಕಾಫಿ ಇತ್ತು, ಹಾಲು ಎರಡು ಚಮಚ. ಊಟ ಎಂದಿನಂತೆ. ಮೊದಲ ವಾರದ ಕೊನೆಗೇ ಬಿಗಿತ ಅರ್ಧಕ್ಕಿಳಿಯಿತು. ಆಮೇಲೆ ಒಂದೊಂದನ್ನೇ ಮರಳಿ ತಂದೆ: ಮೊದಲ ದಿನ ಸ್ವಲ್ಪ, ಮರುದಿನ ಇನ್ನಷ್ಟು, ಮೂರನೆಯ ದಿನ ಎಂದಿನಷ್ಟು. ನಡುವೆ ಎರಡು ಮೂರು ದಿನ ಬಿಡುವು. ರವೆ ಒಂದೇ ಆದರೆ ತೊಂದರೆ ಇಲ್ಲ. ಹಾಲು ಅರ್ಧ ಲೋಟದವರೆಗೆ ಸರಿ, ಮೊಸರು ಎಷ್ಟಾದರೂ ಸರಿ. ಈರುಳ್ಳಿ ಮಾತ್ರ ಎರಡನೆಯ ದಿನಕ್ಕೇ ಹೊಟ್ಟೆಯನ್ನು ತಮಟೆ ಮಾಡಿತು. ನಿಮ್ಮ ಹೊಟ್ಟೆಯ ಲೆಕ್ಕ ಬೇರೆ ಬರಬಹುದು, ಅದಕ್ಕೇ ಒಂದೊಂದಾಗಿ ತರಬೇಕು. ಒಟ್ಟಿಗೆ ತಂದರೆ ಯಾವುದರದ್ದು ಎಂದು ಗೊತ್ತಾಗುವುದಿಲ್ಲ.

ಈರುಳ್ಳಿ ಬಿಟ್ಟರೆ ರುಚಿ? ಈರುಳ್ಳಿ, ಬೆಳ್ಳುಳ್ಳಿಯ ಆ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಎಸಳನ್ನು ತೆಗೆದುಹಾಕಿ, ಆ ಎಣ್ಣೆಯಲ್ಲೇ ಒಗ್ಗರಣೆ ಮಾಡುತ್ತೇನೆ. ಘಮ ಉಳಿಯುತ್ತದೆ. ಸಾರಿನಲ್ಲಿ ಬೇಯಿಸಿ ಆಮೇಲೆ ತೆಗೆದರೆ ಉಪಯೋಗವಿಲ್ಲ, ಅಷ್ಟರಲ್ಲಿ ನೀರಿಗೆ ಇಳಿದಿರುತ್ತದೆ. ಈರುಳ್ಳಿ ಹೂವಿನ ಹಸಿರು ಭಾಗ ನನಗೆ ಒಗ್ಗುತ್ತದೆ, ಬಿಳಿ ಗೆಡ್ಡೆ ಒಗ್ಗುವುದಿಲ್ಲ. ಈರುಳ್ಳಿ ಇಲ್ಲದ ಹುಳಿಪುಡಿಯೂ ಒಂದಿದೆ. ನೆಂಟರು ಎರಡನೇ ಸಲ ಬಡಿಸಿಕೊಂಡು ಕೇಳುತ್ತಾರೆ, ಅದರ ಅಳತೆ ನಮ್ಮ ಮನೆಯಲ್ಲೇ ಇರಲಿ.

ಇದೇ ಹುಮ್ಮಸ್ಸಿನಲ್ಲಿ ಕಾಳುಗಳ ಮೇಲೂ ಪ್ರಯೋಗ ಮಾಡಿದೆ. ಕಡಲೆಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಮೆತ್ತಗೆ ಬೇಯಿಸಿ, ಬೆಂದ ನೀರನ್ನೂ ಬಸಿದರೆ ಒಂದು ಸಣ್ಣ ಬಟ್ಟಲು ಪಲ್ಯ ನನಗೆ ಒಗ್ಗುತ್ತದೆ. ಬಸಿದ ಕಟ್ಟಿನಲ್ಲಿ ಸಾರು ಮಾಡಿದರೆ ಬಸಿದದ್ದೇ ವ್ಯರ್ಥ. ಹೆಸರುಕಾಳು ಮೊಳಕೆ ಬಂದರೆ ಇನ್ನೂ ಹಗುರ. ಇಂಗು ಎಷ್ಟು ಹಾಕಿದರೂ ನೆನೆಸದ ಕಾಳಿಗೆ ನನ್ನಲ್ಲಿ ಅದು ಸಾಲಲಿಲ್ಲ. ಸೋಡಾ ಕುಡಿದು ತೇಗಿದರೂ ಹೊಟ್ಟೆಗೆ ಹೋಗುವುದು ಇನ್ನಷ್ಟು ಗಾಳಿಯೇ.

ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ ಇದನ್ನು ಮಾಡುತ್ತ ಕೂರಬೇಡಿ. ಐವತ್ತು ದಾಟಿದ ಹೆಂಗಸರಿಗೆ ಹೊಸದಾಗಿ ದಿನವೂ ಉಬ್ಬರ ಶುರುವಾದರೆ ಮೊದಲು ಡಾಕ್ಟರಿಗೆ ತೋರಿಸಿ, ಅಂಡಾಶಯದ ತೊಂದರೆಯೂ ಹಾಗೆ ಕಾಣಿಸಿಕೊಳ್ಳಬಹುದು. ನನ್ನ ಸ್ಕ್ಯಾನ್ ಸರಿ ಬಂದ ಮೇಲೆಯೇ ನಾನು ತಿಂಡಿಗೆ ಕೈ ಹಾಕಿದ್ದು.