ಕ್ಲೇರೋ ಸಮೀಕರಣ: ಗೆರೆಗಳು ಮತ್ತು ಅವು ಸವರಿಹೋಗುವ ವಕ್ರ

ದಾವಣಗೆರೆಯಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ y = px + f(p) ಹೇಳಿಕೊಡುವಾಗ ನಾನು ಸೂತ್ರದಿಂದ ಶುರು ಮಾಡುವುದಿಲ್ಲ, ಗ್ರಾಫ್ ಹಾಳೆಯಿಂದ ಶುರು ಮಾಡುತ್ತೇನೆ. ಇಲ್ಲಿ p ಎಂದರೆ dy/dx. ಫ್ರಾನ್ಸಿನ ಗಣಿತಜ್ಞ ಅಲೆಕ್ಸಿ ಕ್ಲೇರೋ 1734ರಲ್ಲಿ ಚರ್ಚಿಸಿದ ಈ ಸಮೀಕರಣದಲ್ಲಿ p ಇರುವಲ್ಲೆಲ್ಲ c ಬರೆದರೆ ಸಾಮಾನ್ಯ ಪರಿಹಾರ ಬಂದುಬಿಡುತ್ತದೆ. ಕೆಲಸ ಇಷ್ಟು ಸಲೀಸಾದ್ದರಿಂದಲೇ ಬಹಳ ಜನ ಅಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಚಿತ್ರ ಕಣ್ಣ ಮುಂದಿದ್ದರೆ ಹಾಗೆ ನಿಲ್ಲಿಸಲು ಮನಸ್ಸು ಬರುವುದಿಲ್ಲ.

ಎರಡೂ ಅಕ್ಷಗಳ ಮೇಲೆ 10 ಸೆಂ.ಮೀ. ಗುರುತು ಹಾಕಿ. x ಅಕ್ಷದ 1ನ್ನು y ಅಕ್ಷದ 9ಕ್ಕೆ, 2ನ್ನು 8ಕ್ಕೆ, ಹೀಗೆ 9ನ್ನು 1ಕ್ಕೆ ಸೇರಿಸಿ ಗೆರೆ ಎಳೆಯಿರಿ. ಒಂಬತ್ತೂ ನೇರ ಗೆರೆಗಳೇ, ಆದರೂ ಅವುಗಳ ಮೇಲಂಚಿನಲ್ಲಿ ಒಂದು ಬಾಗಿದ ರೇಖೆ ತಾನಾಗಿ ಮೂಡುತ್ತದೆ. ಅದನ್ನು ಯಾರೂ ಎಳೆದಿರುವುದಿಲ್ಲ.

ಈಗ ಸಮೀಕರಣ ಕಟ್ಟೋಣ. ಇಳಿಜಾರು p ಇರುವ ಗೆರೆ y ಅಕ್ಷವನ್ನು b ಎತ್ತರದಲ್ಲಿ ಕಡಿದರೆ, x ಅಕ್ಷವನ್ನು −b/p ಯಲ್ಲಿ ಕಡಿಯುತ್ತದೆ. ಎರಡರ ಮೊತ್ತ 10 ಆಗಬೇಕು. ಅದರಿಂದ b = 10p/(p − 1) ಸಿಗುತ್ತದೆ:

y = px + 10p/(p − 1)

ಪ್ರಶ್ನೆಪತ್ರಿಕೆಯಲ್ಲಿ ಇದು (y − px)(p − 1) = 10p ಎಂಬ ವೇಷದಲ್ಲಿ ಬರಬಹುದು. y − px ಎಂಬ ತುಂಡು ಕಂಡ ಕೂಡಲೇ ಗುರುತು ಹಿಡಿಯಬೇಕು. (p = 1 ಹಾಕಿದರೆ 0 = 10 ಆಗುತ್ತದೆ, ಆದ್ದರಿಂದ p − 1 ರಿಂದ ಭಾಗಿಸಿದ್ದರಲ್ಲಿ ನಷ್ಟವಿಲ್ಲ.)

x ಗೆ ಸಂಬಂಧಿಸಿ ಅವಕಲಿಸಿದಾಗ ಎಡಕ್ಕೂ ಬಲಕ್ಕೂ ಒಂದೊಂದು p ಬಂದು ಹೊಡೆದುಹೋಗುತ್ತದೆ. ಉಳಿಯುವುದು ಇದು:

(dp/dx)·[x − 10/(p − 1)²] = 0

ಹೆಚ್ಚಿನ ತಪ್ಪು ಆಗುವುದು ಈ ಸಾಲಿನಲ್ಲೇ. ಗುಣಲಬ್ಧ ಸೊನ್ನೆ ಎಂದರೆ ದಾರಿ ಎರಡು. dp/dx = 0 ಎಂದರೆ p ಸ್ಥಿರ, ನಾವೆಳೆದ ಗೆರೆಗಳು ಸಿಕ್ಕವು. ಆವರಣದೊಳಗಿನದು ಸೊನ್ನೆ ಎಂದರೆ x = 10/(p − 1)². ಇದನ್ನು ಮೂಲ ಸಮೀಕರಣಕ್ಕೆ ಹಾಕಿದರೆ y = 10p²/(p − 1)². ಎರಡರಿಂದ p ತೆಗೆದರೆ ಸಿಂಗ್ಯುಲರ್ ಪರಿಹಾರ. ಇದರಲ್ಲಿ ಯಾವ ಸ್ಥಿರಾಂಕವೂ ಇಲ್ಲ, c ಗೆ ಯಾವ ಬೆಲೆ ಕೊಟ್ಟರೂ ಇದು ಹುಟ್ಟುವುದಿಲ್ಲ.

p ತೆಗೆಯುವಾಗ ಅವಸರ ಬೇಡ. p ಋಣಾತ್ಮಕ ಎಂದುಕೊಂಡು ವರ್ಗಮೂಲ ತೆಗೆದರೆ √x + √y = √10 ಬರುತ್ತದೆ. ಹಾಳೆಯ ಮೇಲೆ ಕಂಡ ಅಂಚು ಇದೇ. ಆದರೆ ಇದು ವಕ್ರದ ಒಂದು ತುಂಡು ಮಾತ್ರ. p 0 ಮತ್ತು 1ರ ನಡುವೆ ಇದ್ದಾಗ √x − √y = √10, p 1ಕ್ಕಿಂತ ಹೆಚ್ಚಿದ್ದಾಗ √y − √x = √10. ಮೂರೂ ಸೇರಿದರೆ ಒಂದೇ ಪರವಲಯ:

(x + y − 10)² = 4xy

ಇದನ್ನು ಇನ್ನೊಂದು ದಾರಿಯಲ್ಲಿ ತಾಳೆ ನೋಡುವುದು ನನ್ನ ರೂಢಿ. ಸಾಮಾನ್ಯ ಪರಿಹಾರವನ್ನು c ಯ ವರ್ಗ ಸಮೀಕರಣವಾಗಿ ಬರೆದರೆ xc² + (10 − x − y)c + y = 0. ಇದರ ಶೋಧಕವನ್ನು ಸೊನ್ನೆ ಮಾಡಿದರೆ ಅದೇ ಪರವಲಯ ಬರಬೇಕು, ಬರುತ್ತದೆ.

ಶೋಧಕ ಇನ್ನೂ ಒಂದು ವಿಷಯ ಹೇಳುತ್ತದೆ. (2, 3) ಬಿಂದುವಿನಲ್ಲಿ 2c² + 5c + 3 = 0, ಅಂದರೆ c = −1 ಅಥವಾ −3/2. ಆ ಬಿಂದುವಿನ ಮೂಲಕ y = −x + 5 ಮತ್ತು y = −(3/2)x + 6 ಎಂಬ ಎರಡು ಗೆರೆಗಳು ಹೋಗುತ್ತವೆ. (5, 5)ರಲ್ಲಿ 5c² + 5 = 0, ಒಂದೂ ಗೆರೆ ಇಲ್ಲ, ಏಕೆಂದರೆ ಅದು ಪರವಲಯದ ಒಳಗಿದೆ. ವಕ್ರದ ಮೇಲಿನ (2.5, 2.5)ರಲ್ಲಿ ಎರಡೂ ಮೂಲಗಳು −1 ಆಗಿ, ಎರಡು ಗೆರೆ ಒಂದಾಗುತ್ತವೆ. ಆ ಗೆರೆಯೇ ಅಲ್ಲಿನ ಸ್ಪರ್ಶಕ.

ನನಗೆ ಈ ಪಾಠದಲ್ಲಿ ಅತಿ ಇಷ್ಟದ ಭಾಗ ಮುಂದಿನದು. y = −x + 5 ಗೆರೆಯ ಮೇಲೆ ಎಡದಿಂದ ಬಂದು (2.5, 2.5) ಮುಟ್ಟಿ, ಅಲ್ಲಿಂದ ಪರವಲಯ ಹಿಡಿದು (40/9, 10/9) ವರೆಗೆ ಹೋಗಿ, ಅಲ್ಲಿ y = −x/2 + 10/3 ಗೆರೆಗೆ ಇಳಿಯಬಹುದು. ಕೂಡುವ ಎರಡೂ ಕಡೆ ಇಳಿಜಾರು ಹೊಂದುತ್ತದೆ, ಮೊದಲಲ್ಲಿ −1, ಎರಡನೆಯದರಲ್ಲಿ −1/2. ಹಾಗಾಗಿ ಇಡೀ ದಾರಿ ಸಮೀಕರಣವನ್ನು ತೃಪ್ತಿಪಡಿಸುತ್ತದೆ. ಎರಡನೇ ಅವಕಲನ ಅಲ್ಲಿ ಜಿಗಿಯುತ್ತದೆ ನಿಜ, ಆದರೆ ಸಮೀಕರಣ ಅದನ್ನು ಕೇಳಿಯೇ ಇಲ್ಲ. ಆರಂಭದ ಬಿಂದು, ಇಳಿಜಾರು ಎರಡೂ ಗೊತ್ತಿದ್ದರೂ ಪರಿಹಾರ ಒಂದೇ ಎನ್ನಲಾಗದು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

f(p) ಸರಳ ರೇಖೀಯವಾಗಿದ್ದರೆ ಮಾತ್ರ ಈ ವಕ್ರವನ್ನು ಹುಡುಕಬೇಡಿ. y = px + 3p + 2 ರಲ್ಲಿ ಎರಡನೇ ದಾರಿ x = −3, y = 2 ಎನ್ನುತ್ತದೆ. ಅದು ವಕ್ರವಲ್ಲ, ಎಲ್ಲ ಗೆರೆಗಳೂ ಹಾಯ್ದುಹೋಗುವ ಒಂದು ಬಿಂದು.