ಮಧ್ಯಾಹ್ನದ ನಿದ್ದೆಯಿಂದ ಸರಿಹೋದ ದಿನಚರಿ

ಮೂವತ್ತೇಳು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮನೆಗೆ ಬಂದ ಮೊದಲ ವಾರವೇ ರೂಲು ಹಾಕಿದ ಹಾಳೆಯ ಮೇಲೆ ಅರ್ಧ ಗಂಟೆಗೊಂದು ಸಾಲಿನಂತೆ ಇಡೀ ದಿನಕ್ಕೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅದು ಒಂಬತ್ತು ದಿನ ನಡೆಯಿತು. ಬೆಳಗಿನ ಒಂದು ಸಾಲು ತಪ್ಪಿದರೆ ಉಳಿದವೆಲ್ಲವೂ ತಪ್ಪುತ್ತಿದ್ದವು. ಕಚೇರಿಯಲ್ಲಾದರೆ ತಪ್ಪಿದ್ದನ್ನು ಕೇಳಲು ಮೇಲಿನವರಿರುತ್ತಾರೆ, ಮನೆಯಲ್ಲಿ ಕೇಳುವವರು ಯಾರು?

ಪಟ್ಟಿಯನ್ನು ಕಿತ್ತುಹಾಕಿ, ಎರಡು ವಾರ ಏನನ್ನೂ ಬದಲಿಸದೆ ಒಂದು ನೋಟುಬುಕ್ಕಿನಲ್ಲಿ ಬರೀ ಬರೆದಿಡುತ್ತಾ ಹೋದೆ. ಎದ್ದದ್ದು ಎಷ್ಟಕ್ಕೆ, ಮಧ್ಯಾಹ್ನ ಮಲಗಿದ್ದು ಎಷ್ಟು ಹೊತ್ತು, ರಾತ್ರಿ ನಿದ್ದೆ ಹತ್ತಿದ್ದು ಯಾವಾಗ, ಇಷ್ಟೇ. ಹಳೆಯ ಲೆಕ್ಕದ ಕಣ್ಣಿಗೆ ತಪ್ಪು ಬೇಗ ಸಿಕ್ಕಿತು. ಊಟವಾದ ಮೇಲೆ ‘ಸ್ವಲ್ಪ ಹೊತ್ತು’ ಎಂದು ಹಾಸಿಗೆಗೆ ಒರಗಿದ ದಿನಗಳಲ್ಲೆಲ್ಲ ಎರಡು ಗಂಟೆ ಕಳೆದಿತ್ತು. ಎದ್ದಾಗ ತಲೆ ಭಾರ, ಸಂಜೆ ಹೊರಗೆ ಹೋಗಲು ಬೇಸರ, ರಾತ್ರಿ ಒಂದರವರೆಗೆ ಎಚ್ಚರ, ಬೆಳಿಗ್ಗೆ ಎಂಟಕ್ಕೆ ಏಳುವುದು, ನಡಿಗೆ ಖೋತಾ. ನನ್ನ ಸೋಮಾರಿತನವೆಂದು ನಾನು ಬೈದುಕೊಳ್ಳುತ್ತಿದ್ದುದು ಹಿಂದಿನ ದಿನದ ಮಧ್ಯಾಹ್ನದ ಬಾಕಿಯಾಗಿತ್ತು. ಎಚ್ಚರವಾಗಿರುವಷ್ಟು ಹೊತ್ತೂ ದೇಹದಲ್ಲಿ ನಿದ್ದೆಯ ಒತ್ತಡ ಕೂಡುತ್ತಾ ಹೋಗುತ್ತದೆ. ಮಧ್ಯಾಹ್ನವೇ ಅದನ್ನು ಖರ್ಚು ಮಾಡಿಬಿಟ್ಟರೆ ರಾತ್ರಿಗೆ ಉಳಿಯುವುದಿಲ್ಲ.

ಹಾಗಾಗಿ ಮೊದಲು ಸರಿಪಡಿಸಿದ್ದು ವಿಶ್ರಾಂತಿಯನ್ನು. ನಿದ್ದೆಯನ್ನು ಪೂರ್ತಿ ಬಿಡಲು ನೋಡಿದಾಗ ನಾಲ್ಕು ಗಂಟೆಗೆ ಕುರ್ಚಿಯಲ್ಲೇ ತೂಕಡಿಸಿದೆ, ಅದು ಇನ್ನೂ ಕೆಟ್ಟದ್ದು. ಈಗ ಊಟವಾದ ಮೇಲೆ ಹತ್ತು ನಿಮಿಷ ಮನೆಯೊಳಗೇ ಓಡಾಡಿ, ಒರಗುಕುರ್ಚಿಯಲ್ಲಿ ಕೂತು ಇಪ್ಪತ್ತೈದು ನಿಮಿಷಕ್ಕೆ ಅಲಾರಂ ಇಡುತ್ತೇನೆ. ಅಲಾರಂ ಕೋಣೆಯ ಆ ತುದಿಯಲ್ಲಿರುತ್ತದೆ. ಹಾಸಿಗೆಗೆ ಹೋಗುವುದಿಲ್ಲ, ಮೂರು ಗಂಟೆ ದಾಟಿದರೆ ಮಲಗುವುದೂ ಇಲ್ಲ. ರಾತ್ರಿ ಸರಿಯಾಗಿ ನಿದ್ದೆಯಾಗದಿದ್ದರೂ ಬೆಳಿಗ್ಗೆ ಏಳುವುದು ಆರಕ್ಕೇ. ಮೊದಲ ವಾರ ಕಣ್ಣು ಉರಿದವು, ಮೂರನೆಯ ವಾರಕ್ಕೆ ಹತ್ತೂವರೆಗೆ ತಾನಾಗಿ ನಿದ್ದೆ ಬರತೊಡಗಿತು.

ನಡಿಗೆಯಲ್ಲಿ ನಾನು ಮಾಡಿದ ತಪ್ಪು ಆತುರ. ಮೊದಲ ದಿನವೇ ಐವತ್ತು ನಿಮಿಷ ನಡೆದು, ಐದನೆಯ ದಿನ ಎಡ ಮೊಣಕಾಲು ಊದಿಕೊಂಡು, ಎರಡು ವಾರ ಕೂತೆ. ಮತ್ತೆ ಹತ್ತು ನಿಮಿಷದಿಂದ ಆರಂಭಿಸಿ ವಾರಕ್ಕೆ ಎರಡು ಮೂರು ನಿಮಿಷ ಮಾತ್ರ ಏರಿಸಿದೆ. ಈಗ ಬೆಳಿಗ್ಗೆ ಇಪ್ಪತ್ತು, ಸಂಜೆ ಹದಿನೈದು. ವಾರದಲ್ಲಿ ಆರು ದಿನವೆಂದರೆ 210 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸಾಧಾರಣ ಶ್ರಮದ ಚಟುವಟಿಕೆ ವಾರಕ್ಕೆ ಕನಿಷ್ಠ 150 ನಿಮಿಷ ಇರಲಿ ಎಂದು. ವೇಗಕ್ಕೆ ನನ್ನ ಅಳತೆ ಸುಲಭದ್ದು: ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮರುದಿನ ಬೆಳಿಗ್ಗೆಯೂ ಕೀಲು ನೋಯುತ್ತಿದ್ದರೆ ಹಿಂದಿನ ದಿನ ಹೆಚ್ಚಾಗಿದೆ ಎಂದರ್ಥ. ನಡಿಗೆಯೊಂದರಿಂದಲೇ ಸಮತೋಲ ಬರುವುದಿಲ್ಲವಾದ್ದರಿಂದ ಗೋಡೆಗೆ ಕೈ ತಾಗಿಸಿಕೊಂಡು ಒಂಟಿ ಕಾಲಿನಲ್ಲಿ ನಿಲ್ಲುವುದನ್ನೂ, ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದನ್ನೂ ದಿನ ಬಿಟ್ಟು ದಿನ ಮಾಡುತ್ತೇನೆ. ಎದ್ದಾಗ ಕಣ್ಣು ಕತ್ತಲೆ ಬರುವವರು ಇದಕ್ಕೆ ಕೈಹಾಕುವ ಮೊದಲು ವೈದ್ಯರನ್ನು ಕಾಣಬೇಕು.

ಹವ್ಯಾಸವನ್ನು ನಿದ್ದೆಯ ಬೆನ್ನಿಗೇ ಇಟ್ಟೆ. ಅಲಾರಂ ಆದ ಮೇಲೂ ಕುರ್ಚಿ ಬಿಡಲು ಒಂದು ನೆಪ ಬೇಕಲ್ಲ! ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ನನ್ನ ಕೆಲಸ. ಆವತ್ತಿನದನ್ನು ಆವತ್ತೇ ಮುಗಿಸುವುದಿಲ್ಲ. ಸೂಜಿಗೆ ದಾರ ಪೋಣಿಸಿ ಅರ್ಧ ಹೊಲಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟಿರುತ್ತೇನೆ. ಮುಗಿಸಿ ಎತ್ತಿಟ್ಟ ಮರುದಿನ ಹೊಸದನ್ನು ಆರಂಭಿಸಲು ಮನಸ್ಸು ಎಳೆಯುವುದಿಲ್ಲ, ಇದನ್ನೂ ಆ ನೋಟುಬುಕ್ಕೇ ಹೇಳಿತು.

ಜನರ ಒಡನಾಟಕ್ಕೆ ಬೇಕಾದದ್ದು ಕಾಯುವವರು. ‘ಯಾವಾಗಲಾದರೂ ಸಿಗೋಣ’ ಎಂದವರು ಯಾರೂ ಸಿಗಲಿಲ್ಲ. ಮಂಗಳವಾರ, ಶುಕ್ರವಾರ ಸಂಜೆ ಐದೂವರೆಗೆ ಹಳೆಯ ಸಹೋದ್ಯೋಗಿಯೊಬ್ಬರು ಬೀದಿಯ ತಿರುವಿನಲ್ಲಿ ನಿಂತಿರುತ್ತಾರೆ, ಆ ಎರಡು ದಿನ ನಡಿಗೆ ತಪ್ಪಿದ್ದೇ ಇಲ್ಲ. ಒಂಟಿಯಾಗಿ ನಡೆಯುವ ದಿನಗಳ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ.

ಒಂದು ಲೆಕ್ಕ ಮಾತ್ರ ನನಗೆ ಹೊಳೆದಿರಲಿಲ್ಲ. ಆರನೆಯ ತಿಂಗಳಲ್ಲಿ ನನ್ನ ಹೆಂಡತಿ ಹೇಳಿದಳು: “ನಿಮ್ಮ ದಿನಚರಿ ಸರಿಹೋಯಿತು, ನನ್ನದು ಕೆಟ್ಟಿತು. ಬೆಳಿಗ್ಗೆ ಹತ್ತರಿಂದ ಹನ್ನೆರಡು ಈ ಮನೆ ನನ್ನದಾಗಿತ್ತು.” ಈಗ ಆ ಎರಡು ಗಂಟೆ ನಾನು ಗ್ರಂಥಾಲಯದಲ್ಲಿರುತ್ತೇನೆ.